ಹಿಂಡಿ ಮೂಸಿ ಬಿಟ್ಟು ಕಣಿಕಿ ತಿನ್ನುವ ಆಕಳು

ಆಳಂದ ತಾಲ್ಲೂಕಿನ ಒಂದು ಊರು. ಎಚ್‌ಎಫ್ ಮಿಶ್ರತಳಿ ಆಕಳು, ಮೂರನೇ ಕರು. ಈದು ಹದಿನೆಂಟು ದಿನ ಆಗಿತ್ತು. 14 ಲೀಟರ್ ಕೊಡುತ್ತಿದ್ದದ್ದು ನಾಲ್ಕೇ ದಿನದಲ್ಲಿ 9ಕ್ಕೆ ಇಳಿದಿತ್ತು. ಜ್ವರ ಇಲ್ಲ, ಕೆಚ್ಚಲು ಸರಿ ಇದೆ. ಹಿಂಡಿ ಇಟ್ಟರೆ ಮೂಸಿ ಮುಖ ತಿರುಗಿಸುತ್ತದೆ, ಜೋಳದ ಕಣಿಕಿ ಮಾತ್ರ ಮೆಲ್ಲುತ್ತದೆ. ಸೆಗಣಿ ಗಟ್ಟಿ. "ದೃಷ್ಟಿ ಆಗೇದ್ರಿ" ಎಂದು ಮನೆಯವರು ನಿವಾಳಿಸಿದ್ದರು, ಶಕ್ತಿ ಬರಲಿ ಎಂದು ಅರ್ಧ ಕಿಲೋ ಬೆಲ್ಲವನ್ನೂ ತಿನ್ನಿಸಿದ್ದರು.

ಇದು ಕೀಟೋಸಿಸ್. ಹೆಚ್ಚಾಗಿ ಈದ ಮೊದಲ ಆರು ವಾರದಲ್ಲಿ ಬರುತ್ತದೆ.

ಕಾರಣ ಹಾಲಿನ ಸಕ್ಕರೆಯಲ್ಲಿದೆ. ಒಂದು ಲೀಟರ್ ಹಾಲಿನಲ್ಲಿ ಅದು 45ರಿಂದ 50 ಗ್ರಾಂ ಇರುತ್ತದೆ. 14 ಲೀಟರ್ ಅಂದರೆ ದಿನಕ್ಕೆ ಸುಮಾರು 650 ಗ್ರಾಂ. ಅದಕ್ಕೆ ಬೇಕಾದ ಗ್ಲೂಕೋಸನ್ನು ಆಕಳಿನ ಯಕೃತ್ತು ತಾನೇ ತಯಾರಿಸಬೇಕು, ಮೇವಿನಿಂದ ಸಿಗುವ ಕಚ್ಚಾ ಸರಕಿನಿಂದ. ಆದರೆ ಹಾಲು ಒಂದೂವರೆ ತಿಂಗಳೊಳಗೆ ಏರಿಬಿಡುತ್ತದೆ, ಹೊಟ್ಟೆ ಮಾತ್ರ ಎರಡೂವರೆ ತಿಂಗಳಿಗೆ ಪೂರ್ತಿ ತೆರೆಯುತ್ತದೆ. ನಡುವಿನ ಕೊರತೆ ತುಂಬಲು ಮೈಯ ಕೊಬ್ಬು ಕರಗುತ್ತದೆ. ಒಮ್ಮೆಗೇ ಜಾಸ್ತಿ ಕರಗಿದರೆ ಯಕೃತ್ತು ಅದನ್ನು ಪೂರ್ತಿ ಉರಿಸಲಾರದೆ ಕೀಟೋನ್ ಮಾಡಿ ರಕ್ತಕ್ಕೆ ಬಿಡುತ್ತದೆ. ಕೀಟೋನ್ ಏರಿದರೆ ಹಸಿವು ಸಾಯುತ್ತದೆ, ತಿನ್ನದಿದ್ದರೆ ಇನ್ನಷ್ಟು ಕೊಬ್ಬು ಕರಗುತ್ತದೆ.

ಬೆಲ್ಲ ಯಾಕೆ ಕೆಲಸ ಮಾಡುವುದಿಲ್ಲ? ಅದು ಸಕ್ಕರೆಯಾಗಿ ರಕ್ತಕ್ಕೆ ಸೇರುವುದೇ ಇಲ್ಲ. ಮೊದಲ ಹೊಟ್ಟೆಯಲ್ಲೇ ಹುದುಗುತ್ತದೆ, ಜಾಸ್ತಿಯಾದರೆ ಹೊಟ್ಟೆ ಹುಳಿಯಾಗುತ್ತದೆ. ವೈದ್ಯರು ನರಕ್ಕೆ ಡೆಕ್ಸ್‌ಟ್ರೋಸ್ ಕೊಡುವುದು ಇದೇ ಕಾರಣಕ್ಕೆ. ಜೊತೆಗೆ ಕುಡಿಸಲು ಪ್ರೊಪಿಲೀನ್ ಗ್ಲೈಕಾಲ್ ಬರೆದುಕೊಡುತ್ತಾರೆ. ಕುಡಿಸುವಾಗ ನಾಲಿಗೆ ಎಳೆದು ಹಿಡಿಯಬೇಡಿ, ಔಷಧಿ ಶ್ವಾಸಕೋಶಕ್ಕೆ ಹೋದೀತು.

ಈ ಆಕಳಿನ ವಿಷಯದಲ್ಲಿ ತಪ್ಪು ಎರಡು ಕಡೆ ಆಗಿತ್ತು. ಹಾಲು ಬತ್ತಿದ ಎರಡು ತಿಂಗಳೂ "ಗಬ್ಬದ ಆಕಳು" ಎಂದು ದಿನಕ್ಕೆ 4 ಕಿಲೋ ಹಿಂಡಿ ಹಾಕಿ ಪಕ್ಕೆಲುಬು ಕೈಗೆ ಸಿಗದಷ್ಟು ಕೊಬ್ಬಿಸಿದ್ದರು. ಕೊಬ್ಬಿದ ಆಕಳು ಈದ ಮೇಲೆ ಕಡಿಮೆ ತಿನ್ನುತ್ತದೆ. ಈದ ಮೊದಲ ವಾರ ಬರೀ ಕಣಿಕಿ ಕೊಟ್ಟು, ಎಂಟನೇ ದಿನ ಒಮ್ಮೆಗೇ 5 ಕಿಲೋ ದಾಣಿ ಸುರಿದರು. ಹೊಟ್ಟೆ ಕೆಟ್ಟಿತು, ಉಳಿದ ಹಸಿವೂ ಹೋಯಿತು.

ಮುಂದಿನ ಈತಕ್ಕೆ ನಾವು ಹೀಗೆ ಮಾಡಿದೆವು.

ಮೊದಲು, ಹಾಲು ಬತ್ತಿಸಿದ ದಿನವೇ ಮೈ ನೋಡಿದೆವು. ಪಕ್ಕೆಲುಬು ಮೆತ್ತಗೆ ಒತ್ತಿದರೆ ಸಿಗಬೇಕು, ದೂರದಿಂದ ಎದ್ದು ಕಾಣಬಾರದು. ಅಷ್ಟಿದ್ದರೆ ಕಣಿಕಿ, ಸ್ವಲ್ಪ ಹಸಿಮೇವು, ಖನಿಜ ಮಿಶ್ರಣ ಸಾಕು. ಆಗಲೇ ದಪ್ಪ ಇದ್ದರೂ ಈ ಅವಧಿಯಲ್ಲಿ ಉಪವಾಸ ಕೆಡವಬೇಡಿ, ಕೊಬ್ಬು ಆಗಲೇ ಕರಗತೊಡಗುತ್ತದೆ.

ಈಯಲು ಮೂರು ವಾರ ಇದ್ದಾಗ 1 ಕಿಲೋ ದಾಣಿಯಿಂದ ಶುರು ಮಾಡಿ, ಈಯುವ ಹೊತ್ತಿಗೆ 2.5 ಕಿಲೋಗೆ ತಂದೆವು. ಮೆಕ್ಕೆಜೋಳದ ನುಚ್ಚು, ತೊಗರಿ ಚುನ್ನಿ, ಹತ್ತಿಕಾಳು ಹಿಂಡಿ. ಈದ ಮೇಲೆ ತಿನ್ನುವುದೂ ಇದನ್ನೇ ಆಗಿರಬೇಕು. ಹೊಟ್ಟೆಯ ಸೂಕ್ಷ್ಮಾಣುಗಳಿಗೆ ಹೊಸ ಮೇವಿಗೆ ಒಗ್ಗಲು ಎರಡು ಮೂರು ವಾರ ಬೇಕು.

ಈದ ಮೇಲೆ ಎಲ್ಲಿಗೆ ಮುಟ್ಟಬೇಕು? ಮೈಗೆ 1.5 ಕಿಲೋ, ಜೊತೆಗೆ ಪ್ರತಿ ಎರಡೂವರೆ ಲೀಟರ್ ಹಾಲಿಗೆ 1 ಕಿಲೋ. 14 ಲೀಟರಿಗೆ ಒಟ್ಟು ಸುಮಾರು 7 ಕಿಲೋ. ಎರಡು ದಿನಕ್ಕೊಮ್ಮೆ ಅರ್ಧ ಕಿಲೋ ಏರಿಸಿದರೆ ಹದಿನೆಂಟು ದಿನಕ್ಕೆ ಮುಟ್ಟುತ್ತದೆ. ಒಂದು ಹೊತ್ತಿಗೆ 2 ಕಿಲೋ ದಾಟಿಸಬೇಡಿ, ನಾಲ್ಕು ಹೊತ್ತು ಹಂಚಿ. ಜೊತೆಗೆ 20 ಕಿಲೋ ಕತ್ತರಿಸಿದ ಹಸಿಮೇವು, 3 ಕಿಲೋ ಕಣಿಕಿ. ಬರೀ ಕಣಿಕಿಯಿಂದ ಹೊಟ್ಟೆ ತುಂಬಿಬಿಟ್ಟರೆ ದಾಣಿಗೆ ಜಾಗವೇ ಉಳಿಯುವುದಿಲ್ಲ. ನಮ್ಮ ಕಡೆ ಬೇಸಿಗೆಯಲ್ಲಿ ಮಧ್ಯಾಹ್ನ ಗೋದಲಿಗೆ ಸುರಿದು ಪ್ರಯೋಜನ ಇಲ್ಲ. ಆ ಬಿಸಿಲಲ್ಲಿ ಯಾರಿಗೆ ಉಣ್ಣಬೇಕು ಅನ್ನಿಸುತ್ತದೆ ಅಲ್ವಾ? ಬೆಳಗಿನ ಜಾವ, ರಾತ್ರಿ ಜಾಸ್ತಿ ಹಾಕಿ. ನೀರು ಸದಾ ಮುಂದಿರಲಿ.

ಪರೀಕ್ಷೆ ಸುಲಭ. ಮೆಡಿಕಲ್ ಅಂಗಡಿಯಲ್ಲಿ ಮೂತ್ರದ ಕೀಟೋನ್ ಪಟ್ಟಿ ಸಿಗುತ್ತದೆ. ಬಾಲದ ಕೆಳಗೆ, ಯೋನಿಯ ಕೆಳಭಾಗದಲ್ಲಿ ಮೆಲ್ಲಗೆ ಸವರಿದರೆ ಆಕಳು ಮೂತ್ರ ಮಾಡುತ್ತದೆ. ಪಟ್ಟಿ ಅದ್ದಿ, ಡಬ್ಬಿಯ ಮೇಲೆ ಬರೆದಷ್ಟು ಸೆಕೆಂಡ್ ಕಾದು ಬಣ್ಣ ನೋಡಿ. ಗಾಢ ನೇರಳೆ ಆದರೆ ವೈದ್ಯರನ್ನು ಕರೆಯಿರಿ. ಈದ ಐದನೇ ದಿನದಿಂದ ಮೂರು ವಾರ, ವಾರಕ್ಕೆರಡು ಸಲ ನೋಡಿದರೆ ಹಾಲು ಇಳಿಯುವ ಮೊದಲೇ ಗೊತ್ತಾಗುತ್ತದೆ. ಉಸಿರಲ್ಲಿ ಕಳಿತ ಹಣ್ಣಿನಂಥ ವಾಸನೆ ಬರುತ್ತದೆ ಅನ್ನುತ್ತಾರೆ, ನಿಜ. ಆದರೆ ಆ ವಾಸನೆ ಎಲ್ಲರ ಮೂಗಿಗೂ ತಿಳಿಯುವುದಿಲ್ಲ, ಅದನ್ನೇ ನಂಬಿ ಕೂರಬೇಡಿ.

ಆ ಆಕಳು ಈ ಸಲ ಹತ್ತನೇ ದಿನ 5 ಕಿಲೋ ಮುಟ್ಟಿದಾಗ ಸೆಗಣಿ ತೆಳ್ಳಗಾಯಿತು. ಮೂರು ದಿನ ಅಲ್ಲೇ ನಿಲ್ಲಿಸಿ, ಕಣಿಕಿ ಸ್ವಲ್ಪ ಹೆಚ್ಚಿಸಿ, ಸೆಗಣಿ ಗಟ್ಟಿಯಾದ ಮೇಲೆ ಮತ್ತೆ ಏರಿಸಿದರು. ಹದಿನೆಂಟರ ಬದಲು ಇಪ್ಪತ್ತೊಂದನೇ ದಿನಕ್ಕೆ 7 ಕಿಲೋ ಆಯಿತು. ಪಟ್ಟಿ ಒಮ್ಮೆಯೂ ನೇರಳೆಗೆ ತಿರುಗಲಿಲ್ಲ.