ಟಿಕೆಟ್ ಎಣಿಕೆ ಬಿಟ್ಟು ಮರುಕರೆ ಅಳೆದಾಗ ಸರಿಹೋಯ್ತು

ಸಮಸ್ಯೆ ಇದು: ನಮ್ಮ ಕಸ್ಟಮರ್ ಸಪೋರ್ಟ್ ಟೀಮಿಗೆ ದಿನಕ್ಕೆ ಇಷ್ಟು ಟಿಕೆಟ್, ಅಂದರೆ ದಾಖಲಾದ ದೂರು, ಮುಗಿಸಬೇಕು ಎಂಬ ಗುರಿ ಇತ್ತು. ಗುರಿ ಮುಟ್ಟುತ್ತಿತ್ತು, ದೂರು ಮಾತ್ರ ಕಡಿಮೆಯಾಗಲಿಲ್ಲ. ಒಂದೇ ದೂರನ್ನು ಎರಡು ಟಿಕೆಟ್ ಮಾಡುವುದು, ಉತ್ತರ ಕಳಿಸಿದ ತಕ್ಷಣ ಮುಚ್ಚುವುದು ನಡೆಯುತ್ತಿತ್ತು.

ಗುರಿಯ ಸಂಖ್ಯೆ ಏರಿಸಿದೆವು, ಮುಚ್ಚುವುದು ಇನ್ನೂ ಜಾಸ್ತಿಯಾಯ್ತು. ಮತ್ತೆ ತೆರೆದ ಟಿಕೆಟ್ ಎಣಿಸಿದೆವು. ಆಗ ಹಳೆಯದನ್ನು ತೆರೆಯದೆ ಹೊಸದು ಮಾಡಿದರು. ರೇಟಿಂಗ್ ಕೇಳಿದರೆ ಖುಷಿಯಾದ ಗ್ರಾಹಕರಿಗಷ್ಟೇ ಲಿಂಕ್ ಹೋಯ್ತು.

ಕೊನೆಗೆ ಕೆಲಸ ಮಾಡಿದ್ದು ಮರುಕರೆ ಪ್ರಮಾಣ, ಅಂದರೆ ಒಮ್ಮೆ ಸಂಪರ್ಕಿಸಿದ ಗ್ರಾಹಕರಲ್ಲಿ ಎಷ್ಟು ಜನ ಮತ್ತೆ ಸಂಪರ್ಕಿಸಿದರು ಎಂಬ ಲೆಕ್ಕ. ಟಿಕೆಟ್ ಬಿಟ್ಟು ಫೋನ್ ನಂಬರ್ ಎಣಿಸಿ. ಒಂದು ವಾರದಲ್ಲಿ ಸಂಪರ್ಕಿಸಿದ ನಂಬರ್ 200, ಅದರಲ್ಲಿ 7 ದಿನದೊಳಗೆ ಮತ್ತೆ ಬಂದದ್ದು 50 ಅಂದರೆ 25%. ಕಾರಣ ಯಾವುದೇ ಇರಲಿ, ಎಣಿಸಿ. ಕಾರಣ ಬರೆಯುವವರು ನಮ್ಮವರೇ ಅಲ್ವಾ, "ಬೇರೆ ವಿಷಯ" ಎಂದು ಬರೆದುಬಿಡುತ್ತಾರೆ. ಎತ್ತದ ಕರೆಯೂ ಲೆಕ್ಕಕ್ಕೆ ಬರಬೇಕು. ಇಲ್ಲದಿದ್ದರೆ ಫೋನ್ ಎತ್ತದೇ ಅಂಕಿ ಇಳಿಸಬಹುದು.

ಮೊದಲು ಒಂದು ತಿಂಗಳು ಸುಮ್ನೆ ಅಳೆಯಿರಿ. ಆಮೇಲೆ ಇಡೀ ಟೀಮಿಗೆ ಒಂದೇ ಗುರಿ ಇಡಿ, ಬೋನಸ್‌ಗೆ ಜೋಡಿಸಬೇಡಿ. ವಾರಕ್ಕೆ 10 ಮರುಕರೆಗಳ ದಾಖಲೆ ಓದಿ. ನಮ್ಮಲ್ಲಿ ಹೆಚ್ಚಿನವು ರೀಫಂಡ್ ಯಾವಾಗ ಬರುತ್ತೆ ಎಂಬ ಪ್ರಶ್ನೆ. ಮೊದಲ ಉತ್ತರದಲ್ಲೇ ದಿನಾಂಕ ಬರೆದ ಮೇಲೆ ಅವು ಇಳಿದವು. ತಿಂಗಳಿಗೊಮ್ಮೆ ಕರೆ ಮಾಡುವ ಗ್ರಾಹಕರಿಗೆ ಈ 7 ದಿನದ ಅಳತೆ ಸಾಲುವುದಿಲ್ಲ.