ಹೆಸರು ಕೇಳುವ ದೇಣಿಗೆಗೆ ಬೇಡ ಎನ್ನುವುದು ಹೇಗೆ?

ಮುಂಬೈ ಉಪನಗರದ ಒಂದು ಕನ್ನಡ ಟ್ರಸ್ಟ್ ಎಂದುಕೊಳ್ಳಿ. ಮುನ್ನೂರು ಕುರ್ಚಿಗಳ ಸಭಾಗೃಹ ಇದೆ, ಮಳೆಗಾಲ ಬಂದರೆ ವೇದಿಕೆಯ ಮೇಲೆ ಬಕೆಟ್ ಇಡಬೇಕು. ತಾರಸಿ ಮತ್ತು ವೈರಿಂಗ್ ದುರಸ್ತಿಗೆ 38 ಲಕ್ಷ ರೂಪಾಯಿಯ ಅಂದಾಜು. ಊರ ಕಡೆಯವರೇ ಆದ ಉದ್ಯಮಿಯೊಬ್ಬರು 25 ಲಕ್ಷ ಕೊಡುತ್ತೇನೆ ಎನ್ನುತ್ತಾರೆ. ಸಭಾಗೃಹಕ್ಕೆ ತಮ್ಮ ಕಂಪನಿಯ ಹೆಸರು ಶಾಶ್ವತವಾಗಿ ಇರಬೇಕು, ಟ್ರಸ್ಟಿಗಳಲ್ಲಿ ತಮ್ಮ ಕಡೆಯ ಒಬ್ಬರು ಇರಬೇಕು ಎಂಬುದು ಅವರ ಷರತ್ತು.

ತಾರಸಿಯ ವಾಟರ್‌ಪ್ರೂಫಿಂಗ್‌ಗೆ ಗುತ್ತಿಗೆದಾರ ಕೊಡುವ ಗ್ಯಾರಂಟಿ ಹೆಚ್ಚೆಂದರೆ ಹತ್ತು ವರ್ಷ. ಹೆಸರಿಗೆ ಮಾತ್ರ ಅವಧಿಯೇ ಇಲ್ಲ. ಮುಂದೆ ಆ ಕಂಪನಿಯ ವಿರುದ್ಧ ಮಾತಾಡಬಲ್ಲವರನ್ನು ಅತಿಥಿಯಾಗಿ ಕರೆಯುವಾಗ, ಹಾಲ್‌ನ ತಾರೀಖು ಯಾರಿಗೆ ಕೊಡಬೇಕು ಎಂದು ತೀರ್ಮಾನಿಸುವಾಗ, ಬಾಗಿಲ ಮೇಲಿನ ಆ ಬೋರ್ಡು ಸಮಿತಿಯ ಮೇಜಿನ ಮೇಲೂ ಬಂದು ಕೂರುತ್ತದೆ. ಆದ್ದರಿಂದ ಟ್ರಸ್ಟ್ ಬೇಡ ಎನ್ನಲು ನಿರ್ಧರಿಸಿದೆ. ಕಷ್ಟ ಇರುವುದು ಅದನ್ನು ಹೇಳುವುದರಲ್ಲಿ.

ಮೊದಲು ಹಣವನ್ನು ತಡೆಯಿರಿ

ಮಾತುಕತೆ ನಡೆದಿರುವಾಗಲೇ ಉತ್ಸಾಹಿ ಖಜಾಂಚಿ ಬ್ಯಾಂಕ್ ಖಾತೆಯ ವಿವರವನ್ನು ವಾಟ್ಸಾಪ್‌ನಲ್ಲಿ ಕಳಿಸಿಬಿಡುತ್ತಾರೆ. ಮರುದಿನ ಐದು ಲಕ್ಷ ಬಂದು ಬಿದ್ದಿರುತ್ತದೆ. ಹೆಚ್ಚಿನ ಕಡೆ ಎಡವುವುದು ಇಲ್ಲೇ. ಹಣ ಒಳಗೆ ಬಂದ ಮೇಲೆ ‘ಇಲ್ಲ’ ಎಂದರೆ ಅದು ಮಾತು ತಪ್ಪಿದಂತೆ ಕಾಣುತ್ತದೆ. ಸಮಿತಿಯ ಠರಾವು ಆಗುವ ತನಕ ಖಾತೆ ಸಂಖ್ಯೆ ಕೊಡಬೇಡಿ, ಚೆಕ್ ಪಡೆಯಬೇಡಿ, ಸಭೆಯಲ್ಲಿ ಶಾಲು ಹೊದಿಸಬೇಡಿ. ಶಾಲು ಹೊದಿಸುವುದೂ ಒಂದು ಬಗೆಯ ರಸೀದಿಯೇ.

ಹಣ ಆಗಲೇ ಬಂದಿದ್ದರೆ ಅದನ್ನು ಆದಾಯದಲ್ಲಿ ತೋರಿಸದೆ ಹಿಂದಿರುಗಿಸಬೇಕಾದ ಬಾಕಿ ಎಂದು ಬರೆದಿಡಿ. ದಾನಿಗೆ ತೆರಿಗೆ ರಿಯಾಯಿತಿ ಕೊಡಿಸುವ ದೇಣಿಗೆ ರಸೀದಿ ಕೊಡಬೇಡಿ, ಅದರಿಂದ ಒಂದು ರೂಪಾಯಿಯೂ ಖರ್ಚು ಮಾಡಬೇಡಿ. ಯಾವ ಖಾತೆಯಿಂದ ಬಂತೋ ಅದೇ ಖಾತೆಗೆ ಬ್ಯಾಂಕ್ ಮೂಲಕವೇ ವಾಪಸ್ ಹೋಗಲಿ. ‘ನನ್ನ ತಮ್ಮನ ಖಾತೆಗೆ ಹಾಕಿ’, ‘ನಗದು ಕೊಟ್ಟುಬಿಡಿ’ ಎಂದರೆ ಒಪ್ಪಬಾರದು. ಒಪ್ಪಿದರೆ ಲೆಕ್ಕಪರಿಶೋಧಕರು ಎತ್ತುವ ಪ್ರಶ್ನೆಗೆ ನಿಮ್ಮಲ್ಲಿ ಉತ್ತರ ಇರುವುದಿಲ್ಲ. ಮಾರ್ಚ್ 31ರೊಳಗೆ ಮರಳಿಸಿದರೆ ಆ ವರ್ಷದ ಲೆಕ್ಕ ಅಲ್ಲಿಗೇ ಮುಗಿಯುತ್ತದೆ.

ಯಾವುದಕ್ಕೆ ಬೇಡ ಎನ್ನುತ್ತಿದ್ದೀರಿ?

ಠರಾವು ಬರೆಯುವ ಮುನ್ನ ಸಮಿತಿಯವರು ಒಂದು ಪ್ರಶ್ನೆಗೆ ಉತ್ತರ ಕಂಡುಕೊಳ್ಳಬೇಕು: ದಾನಿ ನಾಳೆ ‘ಸರಿ, ಹೆಸರೂ ಬೇಡ, ಟ್ರಸ್ಟಿ ಸ್ಥಾನವೂ ಬೇಡ, ಹಣ ತೆಗೆದುಕೊಳ್ಳಿ’ ಎಂದರೆ ತೆಗೆದುಕೊಳ್ಳುತ್ತೀರಾ? ತೆಗೆದುಕೊಳ್ಳುವುದಾದರೆ ನಿಮ್ಮ ಆಕ್ಷೇಪ ಇರುವುದು ಷರತ್ತಿಗೆ, ಪತ್ರದಲ್ಲಿ ಹಾಗೆಯೇ ಬರೆಯಿರಿ. ಇಲ್ಲವಾದರೆ ಆಕ್ಷೇಪ ಹಣದ ಮೂಲಕ್ಕೆ ಅಥವಾ ವ್ಯಕ್ತಿಗೆ. ಆಗ ಷರತ್ತನ್ನು ನೆಪ ಮಾಡಬಾರದು. ಅವರು ಷರತ್ತು ಕೈಬಿಟ್ಟ ದಿನ ನಿಮಗೆ ಹೇಳಲು ಏನೂ ಉಳಿಯುವುದಿಲ್ಲ. ಅಂಥ ಸಂದರ್ಭದಲ್ಲಿ ಕಾರಣ ವಿವರಿಸದೆ ‘ಈ ದೇಣಿಗೆಯನ್ನು ಸ್ವೀಕರಿಸದಿರಲು ಟ್ರಸ್ಟ್ ನಿರ್ಧರಿಸಿದೆ’ ಎಂದಷ್ಟೇ ಬರೆಯುವುದು ಮೇಲು.

ಗೋಡೆಗಳ ಮೇಲೂ ಒಮ್ಮೆ ಕಣ್ಣಾಡಿಸಿ. ಗ್ರಂಥಾಲಯದ ಕೋಣೆಗೆ ಹಿಂದೆ ಯಾರದೋ ಹೆಸರಿಟ್ಟಿದ್ದರೆ ‘ಅವರಿಗೊಂದು ನ್ಯಾಯ, ನಮಗೊಂದು ನ್ಯಾಯವೇ?’ ಎಂಬ ಮಾತು ಬಂದೇ ಬರುತ್ತದೆ. ಹಳೆಯ ಹೆಸರುಗಳು ಹಾಗೇ ಇರುತ್ತವೆ, ಇನ್ನು ಮುಂದೆ ಕಟ್ಟಡಕ್ಕಾಗಲಿ ಸಭಾಗೃಹಕ್ಕಾಗಲಿ ದಾನಿಯ ಹೆಸರಿಡುವುದಿಲ್ಲ ಎಂದು ಇಂದಿನ ತಾರೀಖು ಹಾಕಿ ಠರಾವು ಮಾಡಿ. ಹಿಂದಿನ ತಾರೀಖಿಗೆ ನಡಾವಳಿ ಬರೆಯುವ ಚತುರತೆ ಬೇಡ. ಅದು ಬಯಲಾದರೆ ನಿಮ್ಮ ಸ್ವಾತಂತ್ರ್ಯದ ಮಾತನ್ನು ಯಾರೂ ನಂಬುವುದಿಲ್ಲ.

ತೆರಿಗೆಯ ಮಾತು

ಸಮಿತಿಯಲ್ಲಿ ‘ಬಿಟ್ಟಿ ಬಂದ 25 ಲಕ್ಷ’ ಎನ್ನುವವರಿಗೆ ಇದನ್ನು ತೋರಿಸಬಹುದು. 2019ರ ಅಕ್ಟೋಬರ್ 11ರ ಜಿಎಸ್‌ಟಿ ಸುತ್ತೋಲೆಯ ಪ್ರಕಾರ, ತಂದೆಯ ನೆನಪಿಗೆ ಇಂಥವರು ಕೊಟ್ಟದ್ದು ಎಂದು ಕೃತಜ್ಞತೆಗಾಗಿ ಹಾಕುವ ಫಲಕಕ್ಕೆ ತೆರಿಗೆ ಇಲ್ಲ. ಆದರೆ ಆ ಹೆಸರು ದಾನಿಯ ವ್ಯಾಪಾರಕ್ಕೆ ಪ್ರಚಾರವಾಗುವಂತಿದ್ದರೆ, ಅದನ್ನು ಪ್ರದರ್ಶಿಸುವ ಹೊಣೆ ಸಂಸ್ಥೆಯ ಮೇಲಿದ್ದರೆ, ಅದು ದಾನವಲ್ಲ, ಸೇವೆಗೆ ಪಡೆದ ಹಣ. ಶೇ 18ರ ದರದಲ್ಲಿ, ತೆರಿಗೆಯೂ ಸೇರಿ 25 ಲಕ್ಷ ಎಂದಾದರೆ ಸುಮಾರು 3.81 ಲಕ್ಷ ಸರ್ಕಾರಕ್ಕೆ ಹೋಗುತ್ತದೆ. ಕಂಪನಿ ಇದನ್ನು ಸಾಮಾಜಿಕ ಹೊಣೆಗಾರಿಕೆಗೆಂದು ಖರ್ಚು ಮಾಡುವ ಸಿಎಸ್‌ಆರ್ ಖಾತೆಯಿಂದ ಕೊಡುವ ಯೋಚನೆಯಲ್ಲಿದ್ದರೆ ಅಲ್ಲೂ ತೊಡಕಿದೆ: ತನ್ನ ಸರಕು ಸೇವೆಗಳ ಪ್ರಚಾರಕ್ಕಾಗಿ ಕೊಟ್ಟ ಪ್ರಾಯೋಜಕತ್ವವನ್ನು ನಿಯಮಗಳು ಸಿಎಸ್‌ಆರ್ ಎಂದು ಒಪ್ಪುವುದಿಲ್ಲ.

ಟ್ರಸ್ಟಿ ಸ್ಥಾನದ ವಿಷಯ ಬೇರೆ. ಟ್ರಸ್ಟಿ ಬದಲಾದರೆ ವರ್ಲಿಯ ಧರ್ಮಾದಾಯ ಆಯುಕ್ತರ ಕಚೇರಿಗೆ 90 ದಿನಗಳೊಳಗೆ ಚೇಂಜ್ ರಿಪೋರ್ಟ್ ಸಲ್ಲಿಸಬೇಕು. ಅದು ದಾನಿಗೆ ಖಾಸಗಿಯಾಗಿ ಕೊಟ್ಟು ಮುಗಿಸುವ ಮಾತಲ್ಲ.

ಈ ತೆರಿಗೆ ವಿಚಾರಗಳು ಸಮಿತಿಗೆ ಮಾತ್ರ. ದಾನಿಯ ಮುಂದೆ ಇವನ್ನೇ ಕಾರಣವಾಗಿ ಇಟ್ಟರೆ ‘ತೆರಿಗೆ ನಾನು ಕಟ್ಟುತ್ತೇನೆ ಬಿಡಿ’ ಎನ್ನುತ್ತಾರೆ. ಚೌಕಾಸಿ ಅಲ್ಲಿಂದ ಶುರು.

ಮೊದಲು ಭೇಟಿ, ಆಮೇಲೆ ಪತ್ರ

ಪತ್ರ ಕೈಸೇರುವ ಮುನ್ನ ಇಬ್ಬರು ಹೋಗಿ ಮುಖತಃ ಹೇಳಬೇಕು. ಒಬ್ಬರು ಅಧ್ಯಕ್ಷರು, ಇನ್ನೊಬ್ಬರು ದಾನಿಗೆ ಗೌರವ ಇರುವ ಹಿರಿಯರು. ಮೂವರು ನಾಲ್ವರು ಹೋದರೆ ಪಂಚಾಯಿತಿಯಾಗುತ್ತದೆ. ಚಹಾ ಮುಗಿಯುವ ತನಕ ಸುತ್ತಿ ಬಳಸಿ ಮಾತಾಡಿ ಏಳುವಾಗ ವಿಷಯ ಎತ್ತುವ ನಮ್ಮವರ ರೂಢಿ ಇಲ್ಲಿ ಒಳ್ಳೆಯದಲ್ಲ. ಕೂತೊಡನೆ ಹೇಳಿ: ‘ಅಣ್ಣ, ನೀವು ಸಂಘದ ಮೇಲಿಟ್ಟ ಪ್ರೀತಿ ದೊಡ್ಡದು. ಸಭಾಗೃಹಕ್ಕೆ ಯಾರ ಹೆಸರನ್ನೂ ಇಡುವುದಿಲ್ಲ ಎಂದು ಸಮಿತಿ ತೀರ್ಮಾನಿಸಿದೆ. ಹಾಗಾಗಿ ಈ ಷರತ್ತಿನ ದೇಣಿಗೆ ನಾವು ತೆಗೆದುಕೊಳ್ಳುವಂತಿಲ್ಲ.’ ‘ಸದ್ಯಕ್ಕೆ’, ‘ನೋಡೋಣ’, ‘ಕೆಲವರು ಒಪ್ಪಲಿಲ್ಲ’ ಎಂಬ ಮಾತುಗಳು ಬಾಯಿಗೆ ಬರಬಾರದು. ಮೊದಲೆರಡು ಮುಂದಿನ ವರ್ಷ 40 ಲಕ್ಷದೊಂದಿಗೆ ಬನ್ನಿ ಎಂದ ಹಾಗೆ. ಮೂರನೆಯದು ಒಪ್ಪದವರು ಯಾರು ಎಂದು ಹುಡುಕಲು ದಾರಿ ಮಾಡಿಕೊಡುತ್ತದೆ.

‘ಹಾಲ್ ಬೇಡವಾದರೆ ವೇದಿಕೆಗೆ ಇಡೋಣ’ ಎಂಬ ಬದಲಿ ಸಲಹೆಯನ್ನು ಅದೇ ಭೇಟಿಯಲ್ಲಿ ನೀವಾಗಿ ಮುಂದಿಡಬೇಡಿ. ನಿರಾಕರಣೆ ಬೆಲೆ ಏರಿಸುವ ತಂತ್ರದಂತೆ ಕೇಳಿಸುತ್ತದೆ. ಎಲ್ಲ ದಾನಿಗಳಿಗೂ ಒಂದೇ ಅಕ್ಷರದಲ್ಲಿ ಹೆಸರಿರುವ ಫಲಕ ನಿಮ್ಮಲ್ಲಿದ್ದರೆ, ಅವರಾಗಿ ಕೇಳಿದಾಗ ಹೇಳಿ.

ಎರಡು ಮೂರು ದಿನಗಳೊಳಗೆ ಲೆಟರ್‌ಹೆಡ್‌ನಲ್ಲಿ ಪತ್ರ ಹೋಗಲಿ. ಒಂದು ಪುಟ ದಾಟಬಾರದು:

‘ಮಾನ್ಯರೇ, ನಮ್ಮ ಸಭಾಗೃಹದ ದುರಸ್ತಿಗೆ 25 ಲಕ್ಷ ರೂಪಾಯಿ ನೀಡಲು ತಾವು ಮುಂದೆ ಬಂದದ್ದಕ್ಕೆ ಟ್ರಸ್ಟ್ ಕೃತಜ್ಞವಾಗಿದೆ. ಸಭಾಗೃಹಕ್ಕೆ ದಾನಿಗಳ ಹೆಸರಿಡುವುದಿಲ್ಲ, ದೇಣಿಗೆಗೆ ಪ್ರತಿಯಾಗಿ ಟ್ರಸ್ಟಿ ಸ್ಥಾನ ನೀಡುವುದಿಲ್ಲ ಎಂದು ಸಮಿತಿ ಠರಾವು ಮಾಡಿದೆ. ಆದ್ದರಿಂದ ತಾವು ಸೂಚಿಸಿದ ಷರತ್ತುಗಳೊಂದಿಗೆ ಈ ದೇಣಿಗೆಯನ್ನು ಸ್ವೀಕರಿಸಲಾಗುತ್ತಿಲ್ಲ. ಈ ನಿಯಮ ಎಲ್ಲ ದಾನಿಗಳಿಗೂ ಅನ್ವಯಿಸುತ್ತದೆ. ನಮ್ಮ ಕಾರ್ಯಕ್ರಮಗಳಿಗೆ ತಾವು ಎಂದಿನಂತೆ ಬರಬೇಕೆಂದು ವಿನಂತಿ.’

ಹಣ ಮರಳಿಸಿದ್ದರೆ ಮೊತ್ತ, ತಾರೀಖು ಮತ್ತು ಬ್ಯಾಂಕ್ ವರ್ಗಾವಣೆಯ ಗುರುತಾದ ಯುಟಿಆರ್ ಸಂಖ್ಯೆಯನ್ನು ಒಂದು ಸಾಲಿನಲ್ಲಿ ಸೇರಿಸಿ. ‘ಷರತ್ತು ಸಡಿಲಿಸಿದರೆ ಪರಿಗಣಿಸುತ್ತೇವೆ’ ಎಂಬ ಸಾಲು, ಷರತ್ತಿಲ್ಲದಿದ್ದರೆ ಹಣ ತೆಗೆದುಕೊಳ್ಳುತ್ತೇವೆ ಎಂದು ಸಮಿತಿಯಲ್ಲಿ ಮೊದಲೇ ತೀರ್ಮಾನಿಸಿದ್ದರಷ್ಟೇ ಇರಲಿ.

ಸದಸ್ಯರು ಕೇಳಿಯೇ ಕೇಳುತ್ತಾರೆ, 38 ಲಕ್ಷ ಎಲ್ಲಿಂದ ಎಂದು. ವಾರ್ಷಿಕ ಸಭೆಯಲ್ಲಿ ನಿಯಮವನ್ನು ಓದಿ ಹೇಳಿ, ದಾನಿಯ ಹೆಸರನ್ನಾಗಲಿ ಮೊತ್ತವನ್ನಾಗಲಿ ಹೇಳಬೇಡಿ. ವಾಟ್ಸಾಪ್ ಗುಂಪಿನಲ್ಲಿ ‘25 ಲಕ್ಷ ಒದ್ದ ಸಂಘ’ ಎಂಬ ಹೊಗಳಿಕೆ ಹರಿದಾಡಿದರೆ ಅಧ್ಯಕ್ಷರೇ ಅದನ್ನು ನಿಲ್ಲಿಸಬೇಕು. ಆ ಹೊಗಳಿಕೆ ಓದುವವರಲ್ಲಿ ದಾನಿಯೂ ಒಬ್ಬರು. ದುರಸ್ತಿಯನ್ನು ಎರಡು ಹಂತ ಮಾಡಿ. ಮೇ ತಿಂಗಳೊಳಗೆ ತಾರಸಿ ಮುಗಿಯಲಿ, ವೈರಿಂಗ್ ಮಳೆ ಕಳೆದ ಮೇಲೆ.