ಘಾಟಿ ಇಳಿಯುವ ಮುನ್ನ ಡಿಕ್ಕಿ ತೆರೆದು ನೋಡಿ

ಮಡಿಕೇರಿಯಿಂದ ದೂರದ ಪ್ರಯಾಣವಿದ್ದರೆ ಹಿಂದಿನ ದಿನ ನಾನು ಮೊದಲು ನೋಡುವುದು ಸ್ಟೆಪ್ನಿಯನ್ನು. ಬಂಕಿನಲ್ಲಿ ನಾಲ್ಕು ಚಕ್ರಕ್ಕೆ ಗಾಳಿ ಹಿಡಿಸಿ ಐದನೆಯದನ್ನು ಮರೆಯುವವರೇ ಜಾಸ್ತಿ. ಸುಮ್ಮನೆ ಬಿದ್ದಿದ್ದರೂ ಟೈರಿನ ಗಾಳಿ ನಿಧಾನಕ್ಕೆ ಇಳಿಯುತ್ತದೆ. ಡ್ರೈವರ್ ಬಾಗಿಲ ಬಳಿಯ ಚೀಟಿಯಲ್ಲಿರುವ ಅಳತೆಗಿಂತ ಎರಡು ಮೂರು ಪಿಎಸ್‌ಐ ಹೆಚ್ಚೇ ಹಿಡಿಸುತ್ತೇನೆ. ಬೇಕಾದಾಗ ಇಳಿಸಬಹುದು, ಏರಿಸಲು ಆಗುವುದಿಲ್ಲ.

ಜುಲೈ ಮಳೆಯಲ್ಲಿ ಸಂಪಾಜೆ ಘಾಟಿಯಲ್ಲಿ ಪಂಕ್ಚರ್ ಆಯಿತು ಅನ್ನಿ. ತಿರುವಿನಲ್ಲಿ ನಿಲ್ಲಿಸಬೇಡಿ, ಟೈರ್ ಹಾಳಾದರೂ ಸರಿ, ನೇರ ಜಾಗ ಸಿಗುವವರೆಗೆ ಮೆಲ್ಲನೆ ಹೋಗಿ. ಹಜಾರ್ಡ್ ಲೈಟ್ ಹಾಕಿ, ಎಲ್ಲರನ್ನೂ ಇಳಿಸಿ ರಸ್ತೆಯಿಂದ ದೂರ ನಿಲ್ಲಿಸಿ. ಪ್ರತಿಫಲನ ತ್ರಿಕೋನವನ್ನು ಕಾರಿನ ಹಿಂದೆ ಇಟ್ಟರೆ ಸಾಲದು. ಹಿಂದೆ ತಿರುವಿದ್ದರೆ ಅದರ ಆಚೆಗೆ ಇಡಬೇಕು. ಹ್ಯಾಂಡ್‌ಬ್ರೇಕ್ ಎಳೆದು, ಇಳಿಜಾರಿನ ಕಡೆಗೆ ಚಕ್ರಕ್ಕೆ ಕಲ್ಲು ಕೊಡಿ. ಜಾಕ್ ಏರಿಸುವ ಮೊದಲೇ ನಟ್‌ಗಳನ್ನು ಅರ್ಧ ಸುತ್ತು ಸಡಿಲಿಸಿ. ಚಕ್ರ ಮೇಲಿದ್ದರೆ ಅದೇ ತಿರುಗುತ್ತದೆ, ಬಲ ಹಾಕಿದರೆ ಕಾರು ಜಾಕಿನಿಂದ ಜಾರುತ್ತದೆ. ನೆನೆದ ಮಣ್ಣಿನಲ್ಲಿ ಜಾಕ್ ಹೂತುಹೋಗುತ್ತದೆ, ಅದಕ್ಕೇ ಒಂದಡಿ ಉದ್ದದ ದಪ್ಪ ಹಲಗೆ ನನ್ನ ಡಿಕ್ಕಿಯಲ್ಲಿ ಖಾಯಂ. ಕಾರಿನ ಜೊತೆ ಬರುವ ಸ್ಪ್ಯಾನರ್ ಗಿಡ್ಡ. ಮೆಷಿನ್‌ನಲ್ಲಿ ಬಿಗಿದ ನಟ್ ಅದಕ್ಕೆ ಜಗ್ಗುವುದಿಲ್ಲ, ಕ್ರಾಸ್ ಸ್ಪ್ಯಾನರ್ ಒಂದು ಕೊಂಡುಬಿಡಿ. ಅಲಾಯ್ ಚಕ್ರಕ್ಕೆ ಲಾಕ್ ನಟ್ ಇದ್ದರೆ ಅದರ ಕೀ ಮನೆಯ ಡ್ರಾಯರ್‌ನಲ್ಲಿ ಉಳಿಯದಿರಲಿ. ಬದಲಿಸಿದ ಮೇಲೆ ನಟ್‌ಗಳನ್ನು ಎದುರುಬದುರಾಗಿ ಬಿಗಿದು, ಐವತ್ತು ಕಿ.ಮೀ. ಆದ ಮೇಲೆ ಮತ್ತೊಮ್ಮೆ ನೋಡಿ.

ಇವೆಲ್ಲ ಲಗೇಜಿನ ಅಡಿಯಲ್ಲಿ ಸಿಕ್ಕಿಕೊಂಡರೆ ಮಳೆಯಲ್ಲಿ ಸೂಟ್‌ಕೇಸ್‌ಗಳನ್ನು ರಸ್ತೆಗೆ ಇಳಿಸಬೇಕಾಗುತ್ತದೆ. ತ್ರಿಕೋನ, ತಲೆಗೆ ಕಟ್ಟುವ ಟಾರ್ಚ್, ಗ್ಲೌಸ್, ರೇನ್‌ಕೋಟ್ ಒಂದು ಚೀಲದಲ್ಲಿ ಬಾಗಿಲ ಹತ್ತಿರವೇ ಇರಲಿ. ಫಸ್ಟ್ ಏಡ್ ಡಬ್ಬಿ ಮಾತ್ರ ಸೀಟಿನ ಕೆಳಗೆ.

ದಾಖಲೆ ವಿಷಯ ಚಿಕ್ಕದು: ಆರ್‌ಸಿ, ಇನ್ಶುರೆನ್ಸ್, ಹೊಗೆ ಸರ್ಟಿಫಿಕೇಟ್, ಡಿಎಲ್. ಡಿಜಿಲಾಕರ್‌ನಲ್ಲಿರುವುದು ನಡೆಯುತ್ತದೆ, ಗ್ಯಾಲರಿಯಲ್ಲಿರುವ ಫೋಟೋ ನಡೆಯುವುದಿಲ್ಲ. ಮಾಕುಟ್ಟ ಕಡೆ ಕಾಡಿನಲ್ಲಿ ನೆಟ್‌ವರ್ಕ್ ನಂಬುವಂತಿಲ್ಲ, ಹಾಗಾಗಿ ಮೂಲ ಕಾರ್ಡೂ ಜೊತೆಗಿರಲಿ. ಬಂಡೀಪುರದ ದಾರಿ ಹಿಡಿಯುವವರು ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಗೇಟ್ ಹಾಕುವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ.

ಮಕ್ಕಳಿಗೆ ಘಾಟಿಯಲ್ಲಿ ಕಾಟ ಕೊಡುವುದು ವಾಂತಿ. ಹೊರಡುವ ಮುಂಚೆ ಎರಡು ಇಡ್ಲಿ ಸಾಕು. ಮೊಬೈಲ್ ಕೈಗೆ ಕೊಟ್ಟರೆ ಇನ್ನೂ ಬೇಗ ಬರುತ್ತದೆ. ಜಿಪ್ ಇರುವ ಕವರ್ ಆರು, ಒದ್ದೆ ಬಟ್ಟೆ, ಒಂದು ಜೊತೆ ಬಟ್ಟೆ ಕೈಗೆಟಕುವಂತಿರಲಿ. ಓಆರ್‌ಎಸ್ ಜೊತೆ ಒಂದು ಲೀಟರ್ ಬಾಟಲಿಯೂ ಬೇಕು. ಒಂದು ಲೀಟರಿನ ಪೊಟ್ಟಣವನ್ನು ಒಂದು ಲೋಟಕ್ಕೆ ಸುರಿದರೆ ಉಪ್ಪು ಹೆಚ್ಚಾಗಿ ಮಗುವಿಗೆ ತೊಂದರೆಯೇ. ಮಳೆಗಾಲದಲ್ಲಿ ಹುಲ್ಲಿನ ಬದಿ ಇಳಿಸಿದರೆ ಜಿಗಣೆ ಹತ್ತುತ್ತದೆ, ಒಂದು ಚಿಟಿಕೆ ಉಪ್ಪು ಬಾಗಿಲ ಪಾಕೆಟ್‌ನಲ್ಲಿರಲಿ.